6 ಚದರದ ಮನೆ, 36 ಸಾಲಿನ ಪಟ್ಟಿ: ಮೇಸ್ತ್ರಿ ಕೈಗೆ ಅಡ್ವಾನ್ಸ್ ಕೊಡುವ ಮುಂಚೆ ಮನೆಯನ್ನು ಬಿಡಿಸಿ ಬರೆಯೋದು ಹೇಗೆ?

ತಾರಸಿ ಹಾಕಿದ ಮಾರನೇ ದಿನ. ಮನೆಯವರೆಲ್ಲ ಖುಷಿಯಲ್ಲಿದ್ದಾರೆ. ಯಜಮಾನರು ಸಂಜೆ ಅಂಗಡಿ ಬಾಗಿಲು ಹಾಕಿ ಸೈಟಿಗೆ ಬಂದು ಮೇಸ್ತ್ರಿಯನ್ನ ಕೇಳ್ತಾರೆ: "ಪಿಟ್ ಗುಂಡಿ ಯಾವಾಗ ತೆಗಿತೀಯಪ್ಪ?"

"ಅಣ್ಣಾ, ಪಿಟ್ಟು ಚದರದ ಲೆಕ್ಕದಲ್ಲಿ ಬರಲ್ಲ. ಅದು ಬೇರೆ."

"ಮತ್ತೆ ಸಂಪು?"

"ಅದೂ ಬೇರೇನೇ."

"ಮೆಟ್ಟಿಲು?"

"ಮೆಟ್ಟಿಲಿಗೆ ಅರ್ಧ ಚದರ ಅಂತ ಹಾಕೊಳ್ಳಿ."

ಅಷ್ಟರಲ್ಲಿ ಒಪ್ಪಿದ ಕೂಲಿಯಲ್ಲಿ ಮುಕ್ಕಾಲು ಭಾಗ ಮೇಸ್ತ್ರಿ ಕೈ ಸೇರಿರುತ್ತದೆ. ಇನ್ನು ಜಗಳ ಆಡಿದರೆ ಕೆಲಸ ನಿಲ್ಲುತ್ತದೆ, ಆಡದಿದ್ದರೆ ದುಡ್ಡು ಹೋಗುತ್ತದೆ. ಇದು ಯಾರೋ ಒಬ್ಬರ ಮನೆ ಕಥೆಯಲ್ಲ, ತಾಲ್ಲೂಕಿನಲ್ಲಿ ಹೊಸ ಬಡಾವಣೆಗಳ ಕಡೆ ಹೋದರೆ ನಾಲ್ಕು ಸೈಟಿಗೊಂದು ಕಡೆ ಕೇಳಬಹುದಾದ ಮಾತು. ಇಲ್ಲಿ ಮೇಸ್ತ್ರಿ ಮೋಸ ಮಾಡಿದ ಅಂತಲೂ ಹೇಳೋಕಾಗಲ್ಲ. "ಚದರಕ್ಕೆ ಇಷ್ಟು" ಅಂತ ಮಾತಾಡಿದಾಗ ಆ ಚದರದೊಳಗೆ ಏನೇನಿದೆ ಅಂತ ಇಬ್ಬರೂ ಬಿಡಿಸಿ ನೋಡಿರಲಿಲ್ಲ, ಅಷ್ಟೇ.

ಹೀಗೆ ಬಿಡಿಸಿ ಬರೆಯೋದಕ್ಕೆ ದೊಡ್ಡ ಕಟ್ಟಡದವರು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಹೆಸರು ವರ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್. ಅಮೆರಿಕದ ರಕ್ಷಣಾ ಇಲಾಖೆ ಮತ್ತು ನಾಸಾ 1962ರಲ್ಲಿ ದೊಡ್ಡ ಯೋಜನೆಗಳ ಖರ್ಚು ಹಿಡಿತದಲ್ಲಿಡಲು ಹೊರತಂದ ಕೈಪಿಡಿಯಲ್ಲಿ ಈ ಪದ್ಧತಿ ಇತ್ತು. ಆದರೆ ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಅಂಗಡಿಯ ಲೆಕ್ಕದ ಪುಸ್ತಕದ ಎರಡು ಹಾಳೆ ಸಾಕು. ಮರದ ಕಾಂಡದಿಂದ ಕೊಂಬೆ, ಕೊಂಬೆಯಿಂದ ಕವಲು ಒಡೆಯುವ ಹಾಗೆ ಮನೆಯನ್ನು ಬಿಡಿಸುತ್ತಾ ಹೋಗುವುದು. ಈ ಲೇಖನದಲ್ಲಿ ಅದನ್ನು ಕವಲು ಪಟ್ಟಿ ಅಂತ ಕರೆಯೋಣ. ಎಷ್ಟು ಬಿಡಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಅನ್ನೋದೇ ಇಲ್ಲಿನ ವಿಷಯ.

ಉದಾಹರಣೆಗೆ ಒಂದು ಮನೆ

30x40 ಸೈಟು. ಅದರಲ್ಲಿ ಹೊರ ಅಳತೆ 20 ಅಡಿ ಅಗಲ, 30 ಅಡಿ ಉದ್ದದ ಮನೆ. ಅಂದರೆ 600 ಚದರ ಅಡಿ, ನಮ್ಮ ಮಾತಲ್ಲಿ 6 ಚದರ. ಮುಂದೆ ಹಾಲ್, ನಡುವೆ ಅಡುಗೆಮನೆ ಮತ್ತು ಬಚ್ಚಲು, ಹಿಂದೆ ಒಂದು ಕೋಣೆ. ಸೈಜುಗಲ್ಲಿನ ಪಾಯ, ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಆರ್‌ಸಿಸಿ ತಾರಸಿ. ಸಾಮಾನು ಯಜಮಾನರದು, ಗಾರೆ ಕೆಲಸದ ಕೂಲಿ ಮೇಸ್ತ್ರಿಗೆ. ಲೆಕ್ಕ ಸುಲಭವಾಗಲಿ ಅಂತ ಚದರಕ್ಕೆ 40,000 ರೂಪಾಯಿ ಕೂಲಿ ಅಂತಿಟ್ಟುಕೊಳ್ಳೋಣ. ಒಟ್ಟು 2,40,000. ನಿಮ್ಮೂರಿನ ದರ ಬೇರೆ ಇರಬಹುದು, ಲೆಕ್ಕದ ದಾರಿ ಒಂದೇ.

ಮೊದಲ ಹಂತ: 8 ಕೊಂಬೆ

ಮೊದಲು ಮನೆಯನ್ನು ಎಂಟು ದೊಡ್ಡ ಭಾಗ ಮಾಡಿ. ತಯಾರಿ, ಪಾಯ, ಗೋಡೆ, ತಾರಸಿ, ತಾರಸಿ ಮೇಲಿನ ಕೆಲಸ, ನೀರು-ಕರೆಂಟ್, ಫಿನಿಶಿಂಗ್, ಮನೆ ಹೊರಗಿನ ಕೆಲಸ.

ಇಲ್ಲೇ ಬಹಳ ಜನ ಒಂದು ತಪ್ಪು ಮಾಡ್ತಾರೆ. "ಗಾರೆಯವರ ಕೆಲಸ, ಕರೆಂಟಿನವರ ಕೆಲಸ, ಪ್ಲಂಬರ್ ಕೆಲಸ, ಬಡಗಿ ಕೆಲಸ" ಅಂತ ಆಳಿನ ಪ್ರಕಾರ ಭಾಗ ಮಾಡ್ತಾರೆ. ನೋಡೋಕೆ ಸರಿಯಾಗೇ ಕಾಣುತ್ತೆ. ಆದರೆ ಮನೆ ಹಾಳಾಗೋದು ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಸೇರುವ ಜಾಗದಲ್ಲಿ. ತಾರಸಿ ಕಾಂಕ್ರೀಟ್ ಹಾಕುವ ಮುಂಚೆ ಫ್ಯಾನಿನ ಬಾಕ್ಸು, ಲೈಟಿನ ಪೈಪು ಕಬ್ಬಿಣದ ಜೊತೆ ಕಟ್ಟಿರಬೇಕು. ಅದು ಕರೆಂಟಿನವರ ಪಟ್ಟಿಯಲ್ಲಿ "ವೈರಿಂಗ್" ಅನ್ನೋ ಒಂದೇ ಪದದೊಳಗೆ ಅಡಗಿ ಕೂತಿರುತ್ತದೆ. ಮೇಸ್ತ್ರಿ ಪಟ್ಟಿಯಲ್ಲಿ ಅದು ಇರೋದೇ ಇಲ್ಲ. ಕಾಂಕ್ರೀಟ್ ಮಿಷನ್ನು ಬೆಳಿಗ್ಗೆ ಏಳಕ್ಕೆ ಬಂದು ನಿಂತಾಗ ಕರೆಂಟಿನವನ ಫೋನು ಸ್ವಿಚ್ ಆಫ್.

ಹಾಗಾಗಿ ಮನೆಯ ಭಾಗದ ಪ್ರಕಾರ ಬಿಡಿಸಿ. ಫ್ಯಾನ್ ಬಾಕ್ಸ್ ಯಾರೇ ಹಾಕಲಿ, ಅದು "ತಾರಸಿ" ಕೊಂಬೆಯ ಒಂದು ಕವಲು. ಅದು ಮುಗಿಯದೆ ತಾರಸಿ ಮುಗಿಯಲ್ಲ. ಯಾರು ಮಾಡಬೇಕು ಅನ್ನೋದನ್ನ ಪಕ್ಕದ ಕಾಲಮ್ಮಿನಲ್ಲಿ ಬರೆದರಾಯ್ತು.

ಎರಡನೇ ತಪ್ಪು, ಸಾಮಾನಿನ ಪಟ್ಟಿಯನ್ನೇ ಕೆಲಸದ ಪಟ್ಟಿ ಅಂದುಕೊಳ್ಳುವುದು. ಸಿಮೆಂಟ್ ಇಷ್ಟು ಚೀಲ, ಕಬ್ಬಿಣ ಇಷ್ಟು ಕೆಜಿ, ಜಲ್ಲಿ ಇಷ್ಟು ಲೋಡು ಅಂತ ಬರೆದಿಟ್ಟರೆ ಅದು ಖರೀದಿ ಚೀಟಿ. ಆ ಸಿಮೆಂಟು ಎಲ್ಲಿಗೆ ಹೋಯ್ತು ಅಂತ ಅದು ಹೇಳಲ್ಲ.

ಎರಡನೇ ಹಂತ: ಕವಲುಗಳು

ಈಗ ಒಂದೊಂದು ಕೊಂಬೆಯನ್ನೂ ಬಿಡಿಸೋಣ. ನಮ್ಮ ಆರು ಚದರದ ಮನೆಗೆ ಪಟ್ಟಿ ಹೀಗೆ ಬರುತ್ತದೆ:

1. ತಯಾರಿ: 1.1 ನಕ್ಷೆ ಮತ್ತು ಲೈಸೆನ್ಸ್, 1.2 ಕೆಲಸಕ್ಕೆ ನೀರು, ಕರೆಂಟು, ಸಿಮೆಂಟ್ ಇಡಲು ಶೆಡ್ಡು.

2. ಪಾಯ: 2.1 ಗುರುತು ಹಾಕಿ ಅಗೆಯುವುದು, 2.2 ಬೆಡ್ ಕಾಂಕ್ರೀಟ್, 2.3 ಸೈಜುಗಲ್ಲು ಕಟ್ಟುವುದು, 2.4 ಪ್ಲಿಂತ್ ಬೆಲ್ಟ್, ಅದರಲ್ಲಿ ಕೊಳಚೆ ಪೈಪಿಗೆ ತೂತು, 2.5 ಒಳಗೆ ಮಣ್ಣು ತುಂಬಿ ದಮ್ಮಸ್ಸು ಹೊಡೆಯುವುದು.

3. ಗೋಡೆ: 3.1 ಲಿಂಟಲ್‌ವರೆಗಿನ ಗೋಡೆ, 3.2 ಬಾಗಿಲು ಕಿಟಕಿ ಚೌಕಟ್ಟು ನಿಲ್ಲಿಸುವುದು, 3.3 ಲಿಂಟಲ್ ಮತ್ತು ಸಜ್ಜೆ, 3.4 ಲಿಂಟಲ್ ಮೇಲಿನ ಗೋಡೆ.

4. ತಾರಸಿ: 4.1 ಸೆಂಟ್ರಿಂಗ್, 4.2 ಕಬ್ಬಿಣ ಕಟ್ಟುವುದು, 4.3 ಒಳಗೆ ಹೂತುಹೋಗುವ ಪೈಪು, ಫ್ಯಾನ್ ಬಾಕ್ಸ್, ಮಳೆನೀರಿನ ತೂತು, 4.4 ಕಾಂಕ್ರೀಟ್, 4.5 ನೀರು ಕಟ್ಟುವುದು ಮತ್ತು ಸೆಂಟ್ರಿಂಗ್ ಬಿಚ್ಚುವುದು.

5. ತಾರಸಿ ಮೇಲಿನ ಕೆಲಸ: 5.1 ಪ್ಯಾರಪೆಟ್, 5.2 ಮೆಟ್ಟಿಲು, 5.3 ಮಳೆನೀರು ಹರಿಯಲು ಇಳಿಜಾರಿನ ಗಾರೆ, ಟ್ಯಾಂಕಿನ ಕಟ್ಟೆ.

6. ನೀರು-ಕರೆಂಟ್: 6.1 ಗೋಡೆಯೊಳಗಿನ ವೈರಿಂಗ್ ಪೈಪು, 6.2 ಗೋಡೆಯೊಳಗಿನ ನೀರಿನ ಪೈಪು, 6.3 ವೈರು, ಸ್ವಿಚ್ಚು, ಅರ್ಥಿಂಗ್, 6.4 ನಲ್ಲಿ, ಕಮೋಡ್, ಸಿಂಕ್.

7. ಫಿನಿಶಿಂಗ್: 7.1 ಒಳ ಪ್ಲಾಸ್ಟರ್, 7.2 ಹೊರ ಪ್ಲಾಸ್ಟರ್, 7.3 ಬಚ್ಚಲಿಗೆ ವಾಟರ್‌ಪ್ರೂಫಿಂಗ್, 7.4 ನೆಲದ ಕಾಂಕ್ರೀಟ್, 7.5 ಟೈಲ್ಸ್, 7.6 ಅಡುಗೆ ಕಟ್ಟೆ, 7.7 ಬಾಗಿಲು ಕಿಟಕಿ ಕೂರಿಸುವುದು, 7.8 ಬಣ್ಣ.

8. ಹೊರಗಿನ ಕೆಲಸ: 8.1 ಸಂಪು, 8.2 ಪಿಟ್ ಗುಂಡಿ ಮತ್ತು ಚೇಂಬರ್, 8.3 ಕಾಂಪೌಂಡು, ಗೇಟು, 8.4 ಕಾಯಂ ಮೀಟರು ಮತ್ತು ನೀರಿನ ಸಂಪರ್ಕ, 8.5 ಉಳಿದ ಮಣ್ಣು, ಕಸ ಸಾಗಿಸುವುದು.

ಒಟ್ಟು 36 ಸಾಲು. ಎರಡು ಪುಟಕ್ಕೆ ಸಾಕಾಯ್ತು.

ಪಟ್ಟಿಗೆ ಒಂದೇ ಒಂದು ಗಟ್ಟಿ ನಿಯಮ ಇದೆ: ನೂರಕ್ಕೆ ನೂರು. ಒಂದು ಕೊಂಬೆಯ ಕವಲುಗಳನ್ನೆಲ್ಲ ಕೂಡಿಸಿದರೆ ಆ ಕೊಂಬೆ ಪೂರ್ತಿಯಾಗಬೇಕು, ಕಡಿಮೆಯೂ ಆಗಬಾರದು, ಎರಡು ಸಲವೂ ಬರಬಾರದು. ಸಜ್ಜೆ 3.3ರಲ್ಲಿ ಬಂದಿದೆ. ಅದನ್ನೇ ತಾರಸಿ ಕೆಳಗೂ ಬರೆದರೆ ಎರಡು ಸಲ ಕೂಲಿ ಕೊಟ್ಟ ಹಾಗಾಗುತ್ತದೆ. ಎಲ್ಲೂ ಬರೆಯದಿದ್ದರೆ "ಅದು ಚದರದಲ್ಲಿ ಬರಲ್ಲ ಅಣ್ಣಾ" ಅನ್ನೋ ಮಾತು ಬರುತ್ತದೆ. ಪರೀಕ್ಷೆ ಮಾಡೋದು ಸುಲಭ. ಕಣ್ಣು ಮುಚ್ಚಿ ಗೇಟಿನಿಂದ ಒಳಗೆ ನಡೆಯಿರಿ. ಗೇಟು, ಸಂಪು, ಬಾಗಿಲು, ಹಾಲ್, ಅಡುಗೆ ಕಟ್ಟೆ, ಬಚ್ಚಲು, ಮೆಟ್ಟಿಲು, ಟ್ಯಾಂಕು. ಮನಸ್ಸಿಗೆ ಕಂಡ ಪ್ರತಿ ವಸ್ತುವಿಗೂ ಪಟ್ಟಿಯಲ್ಲಿ ಒಂದು ನಂಬರ್ ಸಿಗಬೇಕು. ಸಿಗದಿದ್ದರೆ ಅದನ್ನು ಯಾರೂ ಮಾಡಲ್ಲ.

ಬೇಡ ಅಂತ ನಿರ್ಧಾರ ಮಾಡಿದ್ದನ್ನೂ ಪಟ್ಟಿಯ ಕೆಳಗೆ ಬರೆದುಬಿಡಿ. "ಅಟ್ಟ ಇಲ್ಲ, ಹಿಂದಿನ ಕಾಂಪೌಂಡ್ ಈ ವರ್ಷ ಇಲ್ಲ" ಅಂತ ಎರಡು ಸಾಲು ಬರೆದಿಟ್ಟರೆ ಮುಂದಿನ ಎಷ್ಟೋ ಮಾತು ಉಳಿಯುತ್ತದೆ.

ಎಷ್ಟು ಬಿಡಿಸಬೇಕು? ಮೂರು ಪ್ರಶ್ನೆ ಕೇಳಿ

ಸರ್ಕಾರಿ ವಸತಿ ಯೋಜನೆಯಲ್ಲಿ ಮನೆ ಕಟ್ಟಿದವರಿಗೆ ಗೊತ್ತು. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಹಣ ಬರೋದು ಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ನಾಲ್ಕು ಹಂತದಲ್ಲಿ, ಪ್ರತಿ ಹಂತಕ್ಕೂ ಫೋಟೋ ಬೇಕು. ಬ್ಯಾಂಕಿನ ಗೃಹಸಾಲವೂ ಹೆಚ್ಚು ಕಡಿಮೆ ಹೀಗೇ ಹಂತ ಹಂತವಾಗಿ ಬಿಡುಗಡೆಯಾಗುತ್ತದೆ. ದುಡ್ಡು ಕೊಡುವವರಿಗೆ ಅಷ್ಟು ಸಾಕು, ಮನೆ ಎದ್ದಿದೆಯಾ ಇಲ್ಲವಾ ಅನ್ನೋದು ಅವರಿಗೆ ಗೊತ್ತಾದರೆ ಆಯ್ತು. ಕಟ್ಟಿಸುವವರಿಗೆ ನಾಲ್ಕು ಭಾಗ ಸಾಲದು. "ಛಾವಣಿ ಆಯ್ತು" ಅಂದಾಗ ಫ್ಯಾನ್ ಬಾಕ್ಸ್ ಇದೆಯೋ ಇಲ್ಲವೋ ಫೋಟೋದಲ್ಲಿ ಕಾಣಲ್ಲ.

ಹಾಗಂತ ಇನ್ನೊಂದು ತುದಿಗೂ ಹೋಗಬಾರದು. ಕೆಲವರು ಉತ್ಸಾಹದಲ್ಲಿ "ಕೋಣೆಯ ಪೂರ್ವದ ಗೋಡೆ ಪ್ಲಾಸ್ಟರ್, ಪಶ್ಚಿಮದ ಗೋಡೆ ಪ್ಲಾಸ್ಟರ್" ಅಂತ 300 ಸಾಲು ಬರೀತಾರೆ. ಎರಡು ವಾರ ಟಿಕ್ ಹಾಕ್ತಾರೆ, ಮೂರನೇ ವಾರ ಅಂಗಡಿಯಲ್ಲಿ ವ್ಯಾಪಾರ ಜೋರಾಗುತ್ತೆ, ಪುಸ್ತಕ ಮೂಲೆ ಸೇರುತ್ತೆ. ಯಾರೂ ಬರೆದು ಮುಂದುವರಿಸದ ಪಟ್ಟಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಒಂದು ಸಾಲು ಬರೆದ ಮೇಲೆ ಈ ಮೂರು ಪ್ರಶ್ನೆ ಕೇಳಿ:

ಒಂದು: ಈ ಕೆಲಸ ಒಂದೇ ತಂಡ ಮಾಡುತ್ತದಾ? ಎರಡು ತಂಡ ಬೇಕಾದರೆ ಎರಡು ಸಾಲು ಮಾಡಿ.

ಎರಡು: ಮುಗಿದಿದೆ ಅಥವಾ ಮುಗಿದಿಲ್ಲ ಅಂತ ಕಣ್ಣಲ್ಲಿ ನೋಡಿ, ಟೇಪು ಹಿಡಿದು ಹೇಳಬಹುದಾ? "ಮುಕ್ಕಾಲು ಆಗಿದೆ ಅಣ್ಣಾ" ಅನ್ನೋ ಉತ್ತರ ಬರೋ ಹಾಗಿದ್ದರೆ ಆ ಸಾಲು ಇನ್ನೂ ದಪ್ಪ ಇದೆ.

ಮೂರು: ಒಂದೆರಡು ಬಟವಾಡೆಯೊಳಗೆ ಮುಗಿಯುತ್ತದಾ? ಪ್ರಾಜೆಕ್ಟ್ ನಡೆಸುವವರಲ್ಲಿ ಒಂದು ರೂಢಿಯ ಲೆಕ್ಕ ಇದೆ. ಕೊನೆಯ ಹಂತದ ಒಂದು ಕೆಲಸ 8 ಗಂಟೆಗಿಂತ ಕಡಿಮೆ ಇರಬಾರದು, 80 ಗಂಟೆಗಿಂತ ಜಾಸ್ತಿ ಇರಬಾರದು. ಅಂದರೆ ಒಂದು ದಿನದಿಂದ ಹತ್ತು ದಿನ. ನಮ್ಮಲ್ಲಿ ವಾರಕ್ಕೊಮ್ಮೆ ಬಟವಾಡೆ ಆಗೋದರಿಂದ ಒಂದೆರಡು ಬಟವಾಡೆ ಅಂತ ಇಟ್ಟುಕೊಂಡರೆ ಸರಿಹೋಗುತ್ತದೆ.

ಮೂರಕ್ಕೂ "ಹೌದು" ಅಂತ ಬಂದರೆ ಅಲ್ಲಿಗೆ ನಿಲ್ಲಿಸಿ, ಇನ್ನೂ ಸೀಳಬೇಡಿ. ಒಂದಕ್ಕೆ "ಇಲ್ಲ" ಅಂತ ಬಂದರೂ ಆ ಸಾಲನ್ನು ಒಡೆಯಿರಿ.

"ಗೋಡೆ" ಕೊಂಬೆಯನ್ನೇ ನೋಡಿ. ಲಿಂಟಲ್ ಕೆಳಗಿನ ಗೋಡೆ, ಮೇಲಿನ ಗೋಡೆ ಅಂತ ಎರಡು ಮಾಡಿದ್ದೇವೆ. ನಡುವೆ ಲಿಂಟಲ್ ಕಾಂಕ್ರೀಟ್ ಬರುತ್ತದೆ, ಕೆಲಸ ಅಲ್ಲಿ ತಾನಾಗೇ ನಿಲ್ಲುತ್ತದೆ, ಅಳೆಯೋದೂ ಸುಲಭ. ಬಣ್ಣ ಮಾತ್ರ ಒಂದೇ ಸಾಲು. ಪುಟ್ಟಿ, ಪ್ರೈಮರ್, ಎರಡು ಕೋಟು ಎಲ್ಲ ಒಂದೇ ತಂಡದ್ದು, ತಪ್ಪಾದರೂ ಕಣ್ಣಿಗೆ ಕಾಣುತ್ತದೆ, ಇನ್ನೊಮ್ಮೆ ಹೊಡೆಸಬಹುದು.

ಮುಚ್ಚಿಹೋಗುವ ಕೆಲಸಕ್ಕೆ ಮಾತ್ರ ಇನ್ನೊಂದು ಹಂತ

ಎಲ್ಲಾ ಕೊಂಬೆಯೂ ಒಂದೇ ಉದ್ದ ಇರಬೇಕು ಅಂತಿಲ್ಲ. ಮೂರನೇ ಹಂತಕ್ಕೆ ಹೋಗಬೇಕಾದ್ದು ಆಮೇಲೆ ಮುಚ್ಚಿಹೋಗುವ ಕೆಲಸದಲ್ಲಿ. ಮಣ್ಣು, ಕಾಂಕ್ರೀಟು, ಪ್ಲಾಸ್ಟರು, ಟೈಲ್ಸು ಇವುಗಳ ಕೆಳಗೆ ಹೋದದ್ದನ್ನ ಮತ್ತೆ ನೋಡಬೇಕಂದರೆ ಒಡೆಯಲೇಬೇಕು.

ನಮ್ಮ ಮನೆಯ 4.3ನ್ನು ತಗೊಳ್ಳಿ. ಅದರ ಕೆಳಗೆ ಮೂರು ಸಾಲು ಬರೆಯಿರಿ: 4.3.1 ಹಾಲಿಗೆ ಒಂದು, ಕೋಣೆಗೆ ಒಂದು ಫ್ಯಾನ್ ಬಾಕ್ಸ್. 4.3.2 ಲೈಟಿನ ಪೈಪು ಗೋಡೆಯವರೆಗೆ ಇಳಿದಿರುವುದು. 4.3.3 ಮಳೆನೀರಿನ ಪೈಪಿಗೆ ಎರಡು ಮೂಲೆಯಲ್ಲಿ ಜಾಗ. ಕಾಂಕ್ರೀಟ್ ಹಿಂದಿನ ಸಂಜೆ ಸೆಂಟ್ರಿಂಗ್ ಮೇಲೆ ನಿಂತು ಬೆರಳಲ್ಲಿ ಎಣಿಸಿ. ಅಲ್ಲೇ ಬಗ್ಗಿ ನೋಡಿ, ಕಬ್ಬಿಣದ ಕೆಳಗೆ ಕವರ್ ಬ್ಲಾಕ್ ಇದೆಯಾ ಅಂತ. ಕಂಬಿ ಹಲಗೆಗೆ ತಾಗಿಕೊಂಡೇ ಇದ್ದರೆ ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿ ಕೆಳಗೆ ತುಕ್ಕಿನ ಗೆರೆ ಕಾಣಲು ಶುರುವಾಗಬಹುದು. ನಾಲ್ಕು ಫೋಟೋ ತೆಗೆದು ಫೋನಲ್ಲಿ ಇಟ್ಟುಕೊಳ್ಳಿ. ಆಮೇಲೆ ಡ್ರಿಲ್ ಹಾಕುವಾಗ ಪೈಪು ಎಲ್ಲಿದೆ ಅಂತ ಆ ಫೋಟೋನೇ ಹೇಳುತ್ತದೆ.

4.4 ಕಾಂಕ್ರೀಟಿಗೂ ಒಂದು ಅಳತೆ ಬರೆದಿಡಿ. 600 ಚದರ ಅಡಿ ತಾರಸಿ, 5 ಇಂಚು ದಪ್ಪ ಅಂದರೆ 250 ಘನ ಅಡಿ, ಸುಮಾರು 7 ಘನ ಮೀಟರ್. ಒಂದು ಪಾಲು ಸಿಮೆಂಟು, ಒಂದೂವರೆ ಮರಳು, ಮೂರು ಜಲ್ಲಿ ಮಿಶ್ರಣಕ್ಕೆ ಘನ ಮೀಟರಿಗೆ ಹತ್ತಿರ ಹತ್ತಿರ 8 ಚೀಲ ಬೇಕು. ಅಂದರೆ 56-57 ಚೀಲ. ಒಡೆದದ್ದು, ಚೆಲ್ಲಿದ್ದು ಸೇರಿ 60 ಚೀಲ ತರಿಸಿದರೆ ಸರಿ. ಸಂಜೆ ಖಾಲಿ ಚೀಲ ಎಣಿಸಿದಾಗ 45 ಇದ್ದರೆ ಒಂದೋ ತಾರಸಿ ತೆಳ್ಳಗಾಗಿದೆ, ಇಲ್ಲವೇ ಮಿಶ್ರಣ ಸಪ್ಪೆಯಾಗಿದೆ. ಇಡೀ ಮನೆಗೆ ಇಷ್ಟು ಚೀಲ ಅಂತ ಒಟ್ಟಿಗೆ ಬರೆದಿದ್ದರೆ ಈ ಕೊರತೆ ಗೊತ್ತೇ ಆಗುತ್ತಿರಲಿಲ್ಲ.

4.5ನ್ನು ಬೇರೆ ಸಾಲು ಮಾಡಿದ್ದಕ್ಕೂ ಕಾರಣ ಇದೆ. ಕಾಂಕ್ರೀಟ್ ಹಾಕಿದ ದಿನವೇ ತಾರಸಿ "ಮುಗಿದಿಲ್ಲ". ಅಂಗಡಿಗಳಲ್ಲಿ ಈಗ ಹೆಚ್ಚಾಗಿ ಸಿಗೋದು ಪಿಪಿಸಿ ಸಿಮೆಂಟು. ಅದಕ್ಕೆ ಕನಿಷ್ಠ 10 ದಿನ ಒದ್ದೆ ಇರಬೇಕು ಅಂತ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಸಾಮಾನ್ಯವಾಗಿ ಈ ನೀರು ಹಾಕುವ ಕೆಲಸ ಯಾರ ಪಟ್ಟಿಯಲ್ಲೂ ಇರೋದಿಲ್ಲ. ಮೇಸ್ತ್ರಿ ಯಜಮಾನರು ಹಾಕ್ತಾರೆ ಅಂದುಕೊಂಡಿರ್ತಾರೆ, ಯಜಮಾನರು ಮೇಸ್ತ್ರಿ ಹಾಕಿಸ್ತಾರೆ ಅಂದುಕೊಂಡಿರ್ತಾರೆ. ಬಿಸಿಲಿಗೆ ತಾರಸಿ ಬಿರುಕು ಬಿಡುತ್ತದೆ. ಸಾಲು ಬರೆದು ಎದುರಿಗೆ ಹೆಸರು ಬರೆದರೆ ಈ ಗೊಂದಲ ಇರಲ್ಲ. ಸೆಂಟ್ರಿಂಗ್ ಯಾವ ದಿನ ಬಿಚ್ಚಬೇಕು ಅನ್ನೋದನ್ನು ಮಾತ್ರ ನಿಮ್ಮ ಎಂಜಿನಿಯರ್ ಹೇಳಲಿ. ಅದು ಗೋಡೆಯಿಂದ ಗೋಡೆಗೆ ಎಷ್ಟು ಅಂತರ ಇದೆ ಅನ್ನೋದರ ಮೇಲೆ ಹೋಗುತ್ತದೆ.

ಇದೇ ರೀತಿ ಬಿಡಿಸಬೇಕಾದ್ದು ಇನ್ನೂ ಮೂರು ಇದೆ. 2.1ರಲ್ಲಿ ಬೆಡ್ ಕಾಂಕ್ರೀಟ್ ಬೀಳುವ ಮುಂಚೆ ಪಾಯದ ಅಗಲ, ಆಳ ಟೇಪಲ್ಲಿ ಅಳೆಯುವುದು. 6.2ರಲ್ಲಿ ಪ್ಲಾಸ್ಟರಿಗೆ ಮೊದಲು ಪೈಪಿಗೆ ಪಂಪಿನಿಂದ ಒತ್ತಡ ಕೊಟ್ಟು ಸೋರುತ್ತದಾ ಅಂತ ನೋಡುವುದು. 7.3ರಲ್ಲಿ ಟೈಲ್ಸಿಗೆ ಮೊದಲು ಬಚ್ಚಲಲ್ಲಿ ಒಂದು ಇಡೀ ದಿನ ನೀರು ನಿಲ್ಲಿಸಿ ಪಕ್ಕದ ಗೋಡೆ ಬೆವರುತ್ತದಾ ಅಂತ ನೋಡುವುದು. ಉಳಿದ ಕಡೆ ಎರಡೇ ಹಂತ ಸಾಕು.

ಈಗ ದುಡ್ಡಿನ ಲೆಕ್ಕ

ಪಟ್ಟಿಯ ನಿಜವಾದ ಉಪಯೋಗ ಇಲ್ಲಿದೆ. ಮೇಸ್ತ್ರಿ ಜೊತೆ ಕೂತು 2,40,000 ರೂಪಾಯಿಯನ್ನು ಅವರ ಪಾಲಿನ ಸಾಲುಗಳಿಗೆ ಹಂಚಿ. ನಮ್ಮ ಉದಾಹರಣೆಯಲ್ಲಿ ಹೀಗೆ ಹಂಚೋಣ: ಪಾಯಕ್ಕೆ 40,000. ಗೋಡೆ, ಲಿಂಟಲಿಗೆ 45,000. ತಾರಸಿಗೆ 50,000. ತಾರಸಿ ಮೇಲಿನ ಕೆಲಸಕ್ಕೆ 20,000. ಒಳ, ಹೊರ ಪ್ಲಾಸ್ಟರಿಗೆ 50,000. ನೆಲದ ಕಾಂಕ್ರೀಟು, ಅಡುಗೆ ಕಟ್ಟೆಗೆ 15,000. ಸಂಪು, ಪಿಟ್ಟಿಗೆ 20,000. ಕೂಡಿಸಿದರೆ 2,40,000 ಸರಿಯಾಯ್ತು.

ತಾರಸಿಯ 50,000ವನ್ನು ಇನ್ನೊಮ್ಮೆ ಒಡೆದರೆ: ಸೆಂಟ್ರಿಂಗ್ 15,000, ಕಬ್ಬಿಣ ಕಟ್ಟುವುದು 10,000, ಕಾಂಕ್ರೀಟ್ 15,000, ನೀರು ಕಟ್ಟಿ ಸೆಂಟ್ರಿಂಗ್ ಬಿಚ್ಚಿ ಕೊಡುವುದು 10,000. 4.3 ಕರೆಂಟಿನವರ ಕೂಲಿಯಲ್ಲಿದೆ, ಹಾಗಾಗಿ ಮೇಸ್ತ್ರಿ ಲೆಕ್ಕದಲ್ಲಿ ಅದಕ್ಕೆ ದುಡ್ಡಿಲ್ಲ.

ಈಗ ಮೊದಲಿನ ಕಥೆಗೆ ವಾಪಸ್ ಬನ್ನಿ. ತಾರಸಿ ಹಾಕಿದ ಮಾರನೇ ದಿನ ಮುಕ್ಕಾಲು ದುಡ್ಡು, ಅಂದರೆ 1,80,000 ಕೊಟ್ಟಾಗಿದೆ. ಮನೆ ಎದ್ದು ನಿಂತಿದೆ, ಮೇಲೆ ತಾರಸಿ ಬಿದ್ದಿದೆ, ನೋಡೋಕೆ ಮುಕ್ಕಾಲು ಕೆಲಸ ಆದ ಹಾಗೇ ಕಾಣುತ್ತದೆ. ಪಟ್ಟಿ ಏನು ಹೇಳುತ್ತೆ? ಪಾಯ 40,000, ಗೋಡೆ 45,000, ತಾರಸಿಯಲ್ಲಿ ಮುಗಿದ ಮೂರು ಸಾಲು 40,000. ಒಟ್ಟು 1,25,000 ರೂಪಾಯಿಯ ಕೆಲಸ ಮುಗಿದಿದೆ. 55,000 ಮುಂಗಡವಾಗಿ ಹೋಗಿದೆ. ಇನ್ನು 1,15,000 ರೂಪಾಯಿಯ ಕೆಲಸ ಬಾಕಿ, ಯಜಮಾನರ ಕೈಯಲ್ಲಿ ಮೇಸ್ತ್ರಿಗೆ ಕೊಡಬೇಕಾದ್ದು 60,000 ಮಾತ್ರ.

ಆ ಜಾಗದಲ್ಲಿ ಮೇಸ್ತ್ರಿಯನ್ನು ಇಟ್ಟು ನೋಡಿ. 60,000ಕ್ಕೆ 1,15,000ದ ಕೆಲಸ ಮಾಡಬೇಕು. ಆಳುಗಳಿಗೆ ವಾರ ವಾರ ಬಟವಾಡೆ ಕೊಡಬೇಕು. ಬೇರೆ ಕಡೆ ಹೊಸ ಪಾಯಕ್ಕೆ ಅಡ್ವಾನ್ಸ್ ಸಿಗುತ್ತಿದೆ. ಹತ್ತರಲ್ಲಿ ಎಂಟು ಜನ ಅಲ್ಲಿಗೆ ಹೋಗದೆ ಏನು ಮಾಡ್ತಾರೆ? ಪ್ಲಾಸ್ಟರ್ ಆಗದ ಮನೆಗಳು ಆರು ತಿಂಗಳು ಹಾಗೇ ನಿಲ್ಲೋದಕ್ಕೆ ಇದೂ ಒಂದು ದೊಡ್ಡ ಕಾರಣ. ಮೊದಲ ಅರ್ಧದ ಕೆಲಸ ಬೇಗ ಎತ್ತರ ಏಳುತ್ತದೆ, ಎರಡನೇ ಅರ್ಧದ ಕೆಲಸ ಕಣ್ಣಿಗೆ ಕಾಣದ ಹಾಗೆ ಕೂಲಿ ತಿನ್ನುತ್ತದೆ.

ಪಟ್ಟಿ ಇದ್ದರೆ ಮೇಸ್ತ್ರಿಗೂ ಅನುಕೂಲ. "ಲಿಂಟಲ್ ಆದ ಮೇಲೆ ಕೊಡ್ತೀನಿ" ಅಂತ ಮೂರು ವಾರ ಕಾಯಿಸುವ ಯಜಮಾನರೂ ಇದ್ದಾರೆ. ಸಾಲು ಚಿಕ್ಕದಿದ್ದರೆ ಪ್ರತಿ ಬಟವಾಡೆಗೆ ಒಂದು ಸಾಲಾದರೂ ಮುಗಿದಿರುತ್ತದೆ, ಆ ಸಾಲಿನ ದುಡ್ಡು ಕೇಳುವ ಹಕ್ಕು ಇರುತ್ತದೆ. ಆಳುಗಳ ಕೂಲಿಗೆ ನಡುವೆ ಮುಂಗಡ ಕೊಡಬೇಕಾಗಿ ಬಂದರೆ ಕೊಡಿ, ಆದರೆ ಮುಂದಿನ ಒಂದು ಸಾಲಿನ ದುಡ್ಡಿಗಿಂತ ಜಾಸ್ತಿ ಹೋಗಬೇಡಿ. ಯಾವ ನಂಬರಿಗೆ ಕೊಟ್ಟಿದ್ದು ಅಂತ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ನಡುವೆ ಬದಲಾವಣೆ ಬಂದರೆ

ಬಂದೇ ಬರುತ್ತದೆ. ಗೋಡೆ ಏಳುವಾಗ ಮನೆಯವರು "ಅಡುಗೆಮನೆಯಲ್ಲಿ ಒಂದು ಅಟ್ಟ ಬೇಕಿತ್ತು" ಅಂತಾರೆ. ಮೇಸ್ತ್ರಿ "ಆಯ್ತಕ್ಕಾ, ಹಾಕ್ಕೊಡ್ತೀನಿ" ಅಂತಾರೆ. ದುಡ್ಡಿನ ಮಾತು ಯಾರೂ ಎತ್ತಲ್ಲ. ಕೊನೆಗೆ ಲೆಕ್ಕ ಮುಗಿಸುವ ದಿನ ಅದು 8,000 ರೂಪಾಯಿಯ ಜಗಳವಾಗಿ ಬರುತ್ತದೆ.

ಇಂಥದ್ದನ್ನು ಹಳೇ ಸಾಲಿನೊಳಗೆ ತುರುಕಬೇಡಿ. 3.5 ಅಡುಗೆಮನೆ ಅಟ್ಟ ಅಂತ ಹೊಸ ಸಾಲು ಬರೆಯಿರಿ, ಕೂಲಿ ಎಷ್ಟು ಅಂತ ಅವತ್ತೇ ಮಾತಾಡಿ ಎದುರಿಗೆ ಬರೆಯಿರಿ. ಪಟ್ಟಿಯ ಕೆಳಗೆ "ಅಟ್ಟ ಇಲ್ಲ" ಅಂತ ಬರೆದಿದ್ದನ್ನು ಹೊಡೆದು ಹಾಕಿ.

ಪಟ್ಟಿ ಮಾಡದ ಕೆಲಸ

ಈ ಪಟ್ಟಿ ತಾರೀಖು ಹೇಳಲ್ಲ. 8.1 ಸಂಪು ಕೊನೆಯ ಕೊಂಬೆಯಲ್ಲಿದೆ ಅಂತ ಕೊನೆಗೆ ಕಟ್ಟಬೇಕಂತಿಲ್ಲ. ಬಹಳ ಜನ ಸಂಪನ್ನೇ ಮೊದಲು ಕಟ್ಟಿ ಅದರ ನೀರಲ್ಲೇ ಮನೆ ಕಟ್ಟಿಸ್ತಾರೆ, ಅದು ಬುದ್ಧಿವಂತಿಕೆ. ಏನೇನು ಮಾಡಬೇಕು ಅನ್ನೋದು ಪಟ್ಟಿ, ಯಾವಾಗ ಮಾಡಬೇಕು ಅನ್ನೋದು ಬೇರೆ ಹಾಳೆ. ಎರಡನ್ನೂ ಒಂದರಲ್ಲೇ ಬರೆಯೋಕೆ ಹೋದರೆ ಎರಡೂ ಕೆಡುತ್ತದೆ. ಕಂಬಿ ಎಷ್ಟು ದಪ್ಪ, ಪಾಯ ಎಷ್ಟು ಆಳ ಅನ್ನೋದನ್ನೂ ಪಟ್ಟಿ ಹೇಳಲ್ಲ. ಅದಕ್ಕೆ ಮಣ್ಣು ನೋಡಿದ ಎಂಜಿನಿಯರೇ ಬೇಕು.

ಇದನ್ನು ಒಬ್ಬರೇ ಕೂತು ಬರೆಯಬೇಡಿ. ಅಗೆಯೋಕೆ ಶುರು ಮಾಡುವ ಮುಂಚೆ ಒಂದು ಭಾನುವಾರ ಮೇಸ್ತ್ರಿ, ಕರೆಂಟಿನವರು, ಪ್ಲಂಬರ್ ಮೂವರನ್ನೂ ಸೈಟಿಗೆ ಕರೆಸಿ. ಟೀ ತರಿಸಿ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಪ್ರತಿ ಸಾಲಿಗೂ "ಇದು ಯಾರದು?" ಅಂತ ಕೇಳಿ. ಮೂವರೂ ಒಬ್ಬರ ಮುಖ ಒಬ್ಬರು ನೋಡುವ ಸಾಲು ಎರಡೋ ಮೂರೋ ಸಿಕ್ಕೇ ಸಿಗುತ್ತದೆ. ಪ್ಲಿಂತ್ ಬೆಲ್ಟಿನಲ್ಲಿ ಕೊಳಚೆ ಪೈಪಿನ ತೂತು ಸಾಮಾನ್ಯವಾಗಿ ಅಂಥದ್ದೊಂದು. ಪ್ಲಂಬರ್ ಬರೋದು ಗೋಡೆ ಎದ್ದ ಮೇಲೆ, ಬೆಲ್ಟ್ ಬೀಳೋದು ಅದಕ್ಕೆ ತಿಂಗಳ ಮೊದಲು. ಅವತ್ತು ಕಾಂಕ್ರೀಟಲ್ಲಿ ಒಂದು ತುಂಡು ಪೈಪು ಇಟ್ಟರೆ ಮುಗಿಯಿತು. ಮರೆತರೆ ಆಮೇಲೆ ಕಬ್ಬಿಣ ಕತ್ತರಿಸಿ ಬೆಲ್ಟ್ ಒಡೆಯಬೇಕು.

ಆ ಸಾಲುಗಳಿಗೆ ಅವತ್ತೇ ಒಂದೊಂದು ಹೆಸರು ಬರೆಯಿರಿ. ನಾಲ್ಕು ಜನರ ಫೋನಿಗೂ ಪಟ್ಟಿಯ ಫೋಟೋ ಕಳಿಸಿ. ಆಮೇಲೆ ಅಡ್ವಾನ್ಸ್ ಕೊಡಿ.